ಸೀಸವಿಲ್ಲದ ಪೆಟ್ರೋಲು ಮತ್ತು ಹಳೆಯ ಅಂಬಾಸಡರಿನ ವಾಲ್ವ್ ಸೀಟು

ಬಂಗಾಳದ ಉತ್ತರಪಾಡೆಯ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬಂದು, ಮಲೆನಾಡಿನ ತೋಟದ ಮನೆಗಳಲ್ಲಿಯೂ ಮೈಸೂರಿನ ಹಳೆಯ ಬಂಗಲೆಗಳ ಪೋರ್ಟಿಕೋಗಳಲ್ಲಿಯೂ ಇಂದಿಗೂ ಒಡೆಯರ ಅಕ್ಕರೆಗೆ ಪಾತ್ರವಾಗಿ ನಿಂತಿರುವ ಅಂಬಾಸಡರ್ ಕಾರುಗಳ ವಿಷಯದಲ್ಲಿ ಪದೇಪದೇ ಕೇಳಿಬರುವ ಪ್ರಶ್ನೆಯೊಂದುಂಟು. ಸೀಸ ಬೆರೆಸಿದ ಪೆಟ್ರೋಲನ್ನು ಕುಡಿದು ಬೆಳೆದ ಈ ಎಂಜಿನ್ನಿಗೆ ಇಂದಿನ ಬಂಕಿನ ಪೆಟ್ರೋಲು ಒಗ್ಗುವುದೆ, ಒಗ್ಗದಿದ್ದರೆ ಟ್ಯಾಂಕಿಗೆ ಯಾವ ಔಷಧವನ್ನು ಬೆರೆಸಬೇಕು ಎಂಬುದೇ ಆ ಪ್ರಶ್ನೆ. ಕೇಳುವವರು ಸಾಮಾನ್ಯವಾಗಿ ಒಂದು ಸೀಸೆಯ ಹೆಸರನ್ನು ಉತ್ತರವಾಗಿ ನಿರೀಕ್ಷಿಸುತ್ತಾರೆ. ಆದರೆ ಸೀಸೆಯ ಮಾತು ಕೊನೆಗೆ ಬರತಕ್ಕದ್ದು. ಮೊದಲು ತಿಳಿಯಬೇಕಾದದ್ದು ಆ ಕಾರಿನ ಎಗ್ಸಾಸ್ಟ್ ವಾಲ್ವುಗಳು ಯಾವ ಲೋಹದ ಮೇಲೆ ಕೂರುತ್ತಿವೆ ಎಂಬುದನ್ನು, ಅನಂತರ ಅಳೆದು ನೋಡಬೇಕಾದದ್ದು ಆ ಲೋಹವು ನಿಜವಾಗಿಯೂ ಸವೆಯುತ್ತಿದೆಯೇ ಎಂಬುದನ್ನು.

ಪೆಟ್ರೋಲಿನಲ್ಲಿ ಸೀಸವೇಕೆ ಇದ್ದಿತು ಎಂಬುದನ್ನು ಸಂಕ್ಷೇಪವಾಗಿ ಹೇಳಿಬಿಡಬಹುದು. ಅಮೆರಿಕದ ಡೇಟನ್ ನಗರದಲ್ಲಿದ್ದ ಜನರಲ್ ಮೋಟರ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ಥಾಮಸ್ ಮಿಡ್‌ಗ್ಲೆ ಎಂಬಾತನು 1921ರ ಡಿಸೆಂಬರಿನಲ್ಲಿ, ಟೆಟ್ರಾ ಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಎಂಜಿನ್ನಿನ ‘ನಾಕಿಂಗ್’ ನಿಂತುಹೋಗುವುದೆಂದು ಕಂಡುಕೊಂಡನು. 1923ರಲ್ಲಿ ಅದೇ ಊರಿನಲ್ಲಿ ಅಂತಹ ಪೆಟ್ರೋಲು ಮಾರಾಟಕ್ಕೆ ಬಂದಿತು. ಉದ್ದೇಶವಿದ್ದುದು ಅಷ್ಟೇ. ಆದರೆ ಆ ಸೀಸವು ಯಾರೂ ಬಯಸದೆಯೇ ಇನ್ನೊಂದು ಉಪಕಾರವನ್ನು ಮಾಡುತ್ತಲಿದ್ದಿತು: ಉರಿದ ಮೇಲೆ ಉಳಿದ ಅದರ ಲವಣಗಳೂ ಆಕ್ಸೈಡುಗಳೂ ಎಗ್ಸಾಸ್ಟ್ ವಾಲ್ವಿಗೂ ಅದರ ಸೀಟಿಗೂ ನಡುವೆ ತೆಳುವಾದ ಪೊರೆಯಾಗಿ ನಿಂತು ಲೋಹವು ಲೋಹವನ್ನು ನೇರವಾಗಿ ಮುಟ್ಟದಂತೆ ಕಾಯುತ್ತಿದ್ದುವು. ಈ ಎರಡು ಗುಣಗಳು ಬೇರೆಬೇರೆಯೆಂಬುದನ್ನು ಮನಸ್ಸಿನಲ್ಲಿಡದಿದ್ದರೆ ಮುಂದಿನ ವಿಚಾರವೆಲ್ಲ ಗೊಂದಲವಾಗುವುದು. ಆಕ್ಟೇನನ್ನು ಏರಿಸುವ ದ್ರವವು ಸೀಟನ್ನು ಕಾಯಬೇಕೆಂಬ ನಿಯಮವಿಲ್ಲ. ಸೀಟನ್ನು ಕಾಯುವುದು ಆಕ್ಟೇನನ್ನು ಏರಿಸಬೇಕೆಂದೂ ಇಲ್ಲ.

ಸೀಸವು ಮನುಷ್ಯರ ನರಮಂಡಲಕ್ಕೆ, ಅದರಲ್ಲಿಯೂ ಬೆಳೆಯುವ ಮಕ್ಕಳ ಮಿದುಳಿಗೆ, ವಿಷ. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲಿನ ಮಾರಾಟ ಮೊದಲಾಗಿ, 2000ದ ಫೆಬ್ರವರಿಯ ವೇಳೆಗೆ ಅದು ದೇಶವನ್ನೆಲ್ಲ ವ್ಯಾಪಿಸಿತು. ಜಗತ್ತಿನಲ್ಲಿ ಕಟ್ಟಕಡೆಗೆ ಸೀಸದ ಪೆಟ್ರೋಲನ್ನು ಕೈಬಿಟ್ಟ ದೇಶ ಆಲ್ಜೀರಿಯ, 2021ರಲ್ಲಿ. ಸೀಸವು ಹೋದುದು ಒಳ್ಳೆಯದೇ ಆಯಿತು. ಸಣ್ಣ ವಿಮಾನಗಳಿಗೆಂದು ಇನ್ನೂ ಕೆಲವೆಡೆ ದೊರೆಯುವ ಸೀಸಯುಕ್ತ ಇಂಧನವನ್ನು ಹೇಗಾದರೂ ಸಂಪಾದಿಸಿ ಕಾರಿಗೆ ಸುರಿಯಬೇಕೆಂದು ಹಂಬಲಿಸುವವರನ್ನು ನಾನು ಕಂಡಿದ್ದೇನೆ. ಅದು ರಸ್ತೆಯ ವಾಹನಕ್ಕೆ ಸಲ್ಲದು, ನೆರೆಯ ಮಕ್ಕಳಿಗೆ ಅದು ಮಾಡುವ ಹಾನಿಯ ಮುಂದೆ ಒಂದು ವಾಲ್ವಿನ ಬೆಲೆ ಏನೂ ಅಲ್ಲ.

ಇನ್ನು ಎಂಜಿನ್ನಿನ ಒಳಕ್ಕೆ ಬರೋಣ. ಹಳೆಯ ಅಂಬಾಸಡರಿನಲ್ಲಿದ್ದುದು ಬ್ರಿಟನ್ನಿನ ಬಿ.ಎಂ.ಸಿ. ಸಂಸ್ಥೆಯ ‘ಬಿ’ ಶ್ರೇಣಿಯ 1489 ಸಿ.ಸಿ.ಯ ಎಂಜಿನ್, ಅಲ್ಲಿನ ಮೋರಿಸ್ ಆಕ್ಸ್‌ಫರ್ಡ್ ಕಾರಿಗೂ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿಗೂ ಹಾಕಿದ್ದ ಅದೇ ಎಂಜಿನ್. ಇದರ ಸಿಲಿಂಡರ್ ಹೆಡ್ಡನ್ನು ಬೀಡುಕಬ್ಬಿಣದಲ್ಲಿ ಎರಕ ಹೊಯ್ದು, ವಾಲ್ವುಗಳು ಕೂರುವ ಸೀಟುಗಳನ್ನು ಪ್ರತ್ಯೇಕವಾದ ಬಳೆಯನ್ನೇನೂ ಕೂರಿಸದೆ ಆ ಬೀಡಿನಲ್ಲಿಯೇ 45 ಡಿಗ್ರಿಯ ಇಳಿಜಾರಿನಲ್ಲಿ ಕೊರೆದಿದ್ದಾರೆ. ಅದೇ ಕಾಲದಲ್ಲಿ ಮುಂಬಯಿಯಲ್ಲಿ ತಯಾರಾದ ಫಿಯಟ್ 1100 ಮತ್ತು ಅದರಿಂದ ಬಂದ ಪ್ರೀಮಿಯರ್ ಪದ್ಮಿನಿಗಳ ಹೆಡ್ಡು ಅಲ್ಯುಮಿನಿಯಮಿನದು. ಅಲ್ಯುಮಿನಿಯಮು ವಾಲ್ವಿನ ಏಟನ್ನು ತಾಳಲಾರದಾದ್ದರಿಂದ ಅಲ್ಲಿ ಬೇರೆ ಲೋಹದ ಸೀಟುಬಳೆಗಳನ್ನು ಮೊದಲೇ ಬಿಗಿದಿರುತ್ತಾರೆ, ಆದುದರಿಂದ ಅವುಗಳ ಭಯ ಬಹಳ ಕಡಿಮೆ. ಅಂಬಾಸಡರಿನಲ್ಲಿಯೇ 1990ರ ದಶಕದಲ್ಲಿ ಬಂದ ಇಸುಜು 1800 ಎಂಜಿನ್ನಿನವರು ಈ ಚಿಂತೆಯನ್ನು ಹಚ್ಚಿಕೊಳ್ಳಬೇಕಾಗಿಲ್ಲ. ಪ್ರಶ್ನೆಯೇನಿದ್ದರೂ ಬೀಡಿನ ಹೆಡ್ಡಿನವರದು.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಪ್ರತಿಯೊಂದು ಎಗ್ಸಾಸ್ಟ್ ವಾಲ್ವೂ ಸೆಕೆಂಡಿಗೆ 25 ಸಾರಿ ತೆರೆದು ಮುಚ್ಚಿಕೊಳ್ಳುತ್ತದೆ. ಹೊಟ್ಟೆಯೊಳಗಿನ ಬೆಂಕಿಯೆಲ್ಲ ಅದರ ಅಂಚನ್ನು ಸವರಿಕೊಂಡೇ ಹೊರಹೋಗುವುದರಿಂದ ಭಾರವಾದ ದುಡಿಮೆಯಲ್ಲಿ ಅದರ ತಲೆಯ ಶಾಖವು 700 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲುದು. ಇಷ್ಟು ಕಾದ ಉಕ್ಕು ಸ್ಪ್ರಿಂಗಿನ ಬಲದಿಂದ ಬರಿಯ ಬೀಡಿನ ಮೇಲೆ ಬಂದು ಬಡಿದಾಗ, ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳು ಕ್ಷಣಕಾಲ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ವಾಲ್ವು ಮತ್ತೆ ಮೇಲೆದ್ದಾಗ ಮೆದುವಾದ ಬೀಡಿನ ಕಣವು ಕಿತ್ತುಬಂದು ವಾಲ್ವಿಗೆ ಅಂಟಿಕೊಳ್ಳುತ್ತದೆ. ಆ ಕಣವು ಶಾಖಕ್ಕೆ ಸಿಕ್ಕಿ ಕಬ್ಬಿಣದ ಆಕ್ಸೈಡಾಗಿ ಗಡುಸುಗೊಳ್ಳುತ್ತದೆ, ಅದರ ಮೇಲೆ ಇನ್ನಷ್ಟು ಕೂಡಿಕೊಳ್ಳುತ್ತದೆ, ಕಡೆಗೆ ವಾಲ್ವಿನ ಮುಖವೆಲ್ಲ ಸಣ್ಣ ಗಂಟುಗಳಿಂದ ಒರಟಾಗಿ, ವಾಲ್ವು ತನ್ನ ಅಕ್ಷದ ಮೇಲೆ ಕೊಂಚಕೊಂಚವಾಗಿ ತಿರುಗುತ್ತಲೇ ಇರುವುದರಿಂದ ಬೀಸುಕಲ್ಲಿನ ಮೇಲಿನ ಕಲ್ಲಿನಂತೆ ತಾನು ಕೂರುವ ಸೀಟನ್ನು ತಾನೇ ಅರೆಯತೊಡಗುತ್ತದೆ. ಸೀಟು ಸವೆದಷ್ಟೂ ವಾಲ್ವು ಹೆಡ್ಡಿನೊಳಕ್ಕೆ ಮುಳುಗುತ್ತದೆ. ಇನ್ಲೆಟ್ ವಾಲ್ವುಗಳಿಗೆ ಈ ಗತಿ ಬರುವುದಿಲ್ಲ, ಏಕೆಂದರೆ ಒಳಬರುವ ತಂಪಾದ ಪೆಟ್ರೋಲು ಮತ್ತು ಗಾಳಿ ಅವನ್ನು ಪ್ರತಿಸಾರಿಯೂ ತಣಿಸುತ್ತಿರುತ್ತವೆ.

ಈ ಸವೆತಕ್ಕೆ ವೇಗವೂ ಹೊರೆಯೂ ಮುಖ್ಯ ಕಾರಣಗಳು. ಊರೊಳಗೆ ಸಾವಧಾನವಾಗಿ ಓಡಾಡುವ, ಸುತ್ತು 3000ವನ್ನು ಅಪರೂಪಕ್ಕೆ ಮಾತ್ರ ದಾಟುವ ಕಾರಿನಲ್ಲಿ ಅದು ಎಷ್ಟು ನಿಧಾನವೆಂದರೆ, ವರ್ಷಗಟ್ಟಲೆ ಸೀಸವಿಲ್ಲದ ಪೆಟ್ರೋಲಿನ ಮೇಲೆ ಓಡಿಸಿದವರು ‘ನನ್ನ ಕಾರಿಗೆ ಏನೂ ಆಗಿಲ್ಲ’ ಎಂದು ಹೇಳುವುದು ಸುಳ್ಳಲ್ಲ. ಅದೇ ಕಾರು ಬೆಂಗಳೂರು–ಮೈಸೂರಿನ ಹೊಸ ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರಿನ ವೇಗದಲ್ಲಿ ಎಡೆಬಿಡದೆ ಓಡುವಾಗಲೋ, ನಾಲ್ಕಾರು ಮಂದಿಯನ್ನೂ ಅವರ ಗಂಟುಮೂಟೆಗಳನ್ನೂ ಹೊತ್ತು ಶಿರಾಡಿ ಘಾಟಿಯನ್ನು ಏರುವಾಗಲೋ ಕಥೆ ಬೇರೆಯಾಗುವುದು. ಇದಲ್ಲದೆ, ಸೀಸದ ದಿನಗಳಲ್ಲಿ ಸೀಟಿಗೆ ಅಂಟಿದ ಪೊರೆಯು ಕೂಡಲೇ ಹೋಗುವುದಿಲ್ಲ. ಸೀಸ ನಿಂತ ಮೇಲೂ ಕೆಲವು ಸಾವಿರ ಕಿಲೋಮೀಟರುಗಳವರೆಗೆ ಅದು ಕಾಯುತ್ತದೆ. ಆದರೆ 2000ದಿಂದೀಚೆಗೆ ಓಡುತ್ತಲೇ ಬಂದ ಕಾರಿನಲ್ಲಿ ಆ ಪೊರೆ ಎಂದೋ ಮುಗಿದಿದೆ. ಹೆಡ್ಡನ್ನು ಬಿಚ್ಚಿ ಸೀಟನ್ನು ಒಮ್ಮೆ ಕಟ್ ಮಾಡಿಸಿದ್ದರಂತೂ ಅಂದಿಗೇ ಹೋಯಿತು.

ರೋಗವನ್ನು ಕಂಡುಹಿಡಿಯುವ ಉಪಾಯವು ಅತ್ಯಂತ ಸುಲಭವಾದುದು, ಅದಕ್ಕೆ ಬೇಕಾದದ್ದು ಫೀಲರ್ ಗೇಜು ಒಂದೇ. ರಾಕರಿನ ತುದಿಗೂ ವಾಲ್ವಿನ ಕಡ್ಡಿಯ ತಲೆಗೂ ನಡುವೆ ಈ ಎಂಜಿನ್ನಿನಲ್ಲಿ 0.015 ಅಂಗುಲ, ಎಂದರೆ 0.38 ಮಿಲಿಮೀಟರ್, ಸಂದಿಯಿರಬೇಕು. ನಾವು ಟ್ಯಾಪೆಟ್ ಕ್ಲಿಯರೆನ್ಸ್ ಎನ್ನುವುದು ಇದನ್ನೇ. ವಾಲ್ವು ಹೆಡ್ಡಿನೊಳಕ್ಕೆ ಎಷ್ಟು ಮುಳುಗುವುದೋ ಅದರ ಕಡ್ಡಿಯು ಮೇಲ್ಗಡೆ ಅಷ್ಟೇ ಎದ್ದುಬಂದು, ಸಂದಿಯು ಅಷ್ಟೇ ಕಿರಿದಾಗುತ್ತದೆ. ಎಂಜಿನ್ನಿನ ಮಿಕ್ಕ ಸವೆತಗಳೆಲ್ಲ, ರಾಕರಿನದಾಗಲಿ ಕ್ಯಾಮಿನದಾಗಲಿ ಪುಷ್‌ರಾಡಿನದಾಗಲಿ, ಸಂದಿಯನ್ನು ಹಿಗ್ಗಿಸುವಂಥವು. ಸೀಟಿನ ಸವೆತವೊಂದೇ ಅದನ್ನು ಕುಗ್ಗಿಸುವುದು. ಆದುದರಿಂದ ಟಕಟಕನೆ ಸದ್ದು ಮಾಡುತ್ತಿದ್ದ ಹಳೆಯ ಎಂಜಿನ್ ತಾನೇ ತಾನಾಗಿ ಮೌನ ತಾಳಿದರೆ ಒಡೆಯನು ಸಂತೋಷಪಡಬಾರದು, ಮರುದಿನವೇ ರಾಕರ್ ಕವರನ್ನು ತೆಗೆಯಬೇಕು. ಸಂದಿಯು ಪೂರ್ತಿ ಮುಚ್ಚಿಹೋದಲ್ಲಿ ವಾಲ್ವು ಸೀಟಿನ ಮೇಲೆ ಸರಿಯಾಗಿ ಕೂರಲಾರದೆ, ತನ್ನ ಶಾಖವನ್ನು ಹೆಡ್ಡಿಗೆ ದಾಟಿಸಲಾರದೆ, ಎಡೆಯಲ್ಲಿ ನುಗ್ಗುವ ಬೆಂಕಿಗೆ ಸಿಕ್ಕಿ ಅಂಚು ಸುಟ್ಟು ಸೀಳಿಹೋಗುತ್ತದೆ. ಆ ಸಿಲಿಂಡರಿನ ಕಂಪ್ರೆಷನ್ ಬಿದ್ದು, ಎಂಜಿನ್ ಮೂರು ಕಾಲಿನ ಮೇಲೆ ಕುಂಟುತ್ತದೆ.

ಅಳೆಯುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎಂಜಿನ್ ಬಿಸಿಯಾಗಿರಬೇಕೋ ತಣ್ಣಗಿರಬೇಕೋ ಎಂಬುದನ್ನು ಆ ಮಾದರಿಯ ಕೈಪಿಡಿಯಲ್ಲಿ ನೋಡಿಕೊಂಡು, ಪ್ರತಿಸಾರಿಯೂ ಅದೇ ಸ್ಥಿತಿಯಲ್ಲಿಯೇ ಅಳೆಯಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಪ್ಲಗ್ಗುಗಳನ್ನು ಬಿಚ್ಚಿದರೆ ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಹಗುರವಾಗುವುದು. ಮುಂದಿನಿಂದ ಎಣಿಸಿದರೆ ಎಂಟು ವಾಲ್ವುಗಳು. ಅವುಗಳಲ್ಲಿ 1, 4, 5 ಮತ್ತು 8ನೆಯವು ಎಗ್ಸಾಸ್ಟ್, ಉಳಿದ ನಾಲ್ಕು ಇನ್ಲೆಟ್. ಇಲ್ಲಿ ‘ಒಂಬತ್ತರ ಲೆಕ್ಕ’ವೆಂಬ ಸೂತ್ರವೊಂದಿದೆ: ಯಾವ ವಾಲ್ವು ಪೂರ್ತಿ ತೆರೆದು ನಿಂತಿದೆಯೋ ಅದರ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಅಳೆಯಬೇಕಾದ ವಾಲ್ವಿನ ಸಂಖ್ಯೆ ಸಿಗುತ್ತದೆ, 8 ತೆರೆದಿದ್ದಾಗ 1ನ್ನು, 5 ತೆರೆದಿದ್ದಾಗ 4ನ್ನು ಅಳೆಯಬೇಕು. ರಾಕರಿನ ತುದಿಯಲ್ಲಿ ಗುಳಿ ಬಿದ್ದಿದ್ದರೆ ಅಗಲವಾದ ಫೀಲರಿನ ಪಟ್ಟಿಯು ಆ ಗುಳಿಯ ಮೇಲೆ ಸೇತುವೆಯಂತೆ ಹಾದುಹೋಗಿ ಇರುವುದಕ್ಕಿಂತ ಕಡಿಮೆ ಸಂದಿಯನ್ನು ತೋರಿಸುತ್ತದೆ, ಅದನ್ನೂ ಗಮನಿಸಬೇಕು. ನಡುವಿನ ಎರಡು ಎಗ್ಸಾಸ್ಟುಗಳನ್ನು, ಎಂದರೆ 4 ಮತ್ತು 5ನ್ನು, ವಿಶೇಷವಾಗಿ ನೋಡಬೇಕು: ಅವೆರಡೂ ಒಂದೇ ದ್ವಾರದ ಮೂಲಕ ಹೊಗೆಯನ್ನು ಹೊರಹಾಕುವುದರಿಂದ ಅಲ್ಲಿನ ಲೋಹವು ಮಿಕ್ಕೆಲ್ಲ ಕಡೆಗಿಂತ ಹೆಚ್ಚು ಕಾಯುತ್ತದೆ.

ಮೈಸೂರಿನ ಮಿತ್ರರೊಬ್ಬರ ಮಾರ್ಕ್ 2 ಅಂಬಾಸಡರಿನಲ್ಲಿ ಇದು ಹೇಗೆ ಕಂಡಿತೆಂಬುದನ್ನು ಹೇಳಿದರೆ ವಿಷಯವು ಸ್ಪಷ್ಟವಾಗುವುದು. ವರ್ಷಗಳ ಕಾಲ ಆ ಕಾರು ಊರೊಳಗೆ ಓಡಾಡಿಕೊಂಡು ನೆಮ್ಮದಿಯಾಗಿತ್ತು. ಮಗಳು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಅವರು ಅದರಲ್ಲಿಯೇ ಹೆದ್ದಾರಿಯ ಪ್ರಯಾಣವನ್ನು ರೂಢಿಮಾಡಿಕೊಂಡರು. ಎಂಟು ಸಂದಿಗಳನ್ನೂ 0.38ಕ್ಕೆ ಸರಿಪಡಿಸಿ 1600 ಕಿಲೋಮೀಟರ್ ಓಡಿಸಿದ ನಂತರ ಅಳೆದಾಗ ನಾಲ್ಕು ಇನ್ಲೆಟ್ಟುಗಳೂ ಇದ್ದಲ್ಲಿಯೇ ಇದ್ದುವು. ಎಗ್ಸಾಸ್ಟುಗಳ ಪೈಕಿ 1ನೆಯದು 0.33ಕ್ಕೂ 8ನೆಯದು 0.30ಕ್ಕೂ, 4ನೆಯದು 0.25ಕ್ಕೂ 5ನೆಯದು 0.23ಕ್ಕೂ ಇಳಿದಿದ್ದುವು. ಹೆಡ್ಡಿನ ಗ್ಯಾಸ್ಕೆಟ್ ಕುಗ್ಗಿದ್ದರಿಂದಲೋ ಬೋಲ್ಟುಗಳನ್ನು ಮತ್ತೆ ಬಿಗಿದುದರಿಂದಲೋ ಸಂದಿ ಕಿರಿದಾಗಿದ್ದರೆ ಎಂಟೂ ಒಂದೇ ಸಮನಾಗಿ ಕಿರಿದಾಗಬೇಕಿತ್ತು. ಹೊಸದಾಗಿ ಅರೆದ ವಾಲ್ವು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕೊಂಚ ಕೂತುಕೊಳ್ಳುವುದುಂಟಾದರೂ ಇವರ ಹೆಡ್ಡನ್ನು ಈಚೆಗೆ ಯಾರೂ ಬಿಚ್ಚಿರಲಿಲ್ಲ. ಎಗ್ಸಾಸ್ಟುಗಳಲ್ಲಿ ಮಾತ್ರ, ಅದರಲ್ಲಿಯೂ ನಡುವಿನವುಗಳಲ್ಲಿ ಹೆಚ್ಚಾಗಿ, ಕಂಡ ಈ ಇಳಿತಕ್ಕೆ ಸೀಟಿನ ಸವೆತವಲ್ಲದೆ ಬೇರೆ ಕಾರಣವಿಲ್ಲ. 5ನೆಯ ವಾಲ್ವು 1600 ಕಿಲೋಮೀಟರಿನಲ್ಲಿ 0.15 ಮಿಲಿಮೀಟರ್ ಮುಳುಗಿದ್ದಿತು. ಅದೇ ಓಟದಲ್ಲಿ ಇನ್ನು ಸುಮಾರು 2400 ಕಿಲೋಮೀಟರ್ ಹೋದರೆ ಉಳಿದ ಸಂದಿಯೂ ಮುಗಿಯುತ್ತಿತ್ತು.

ಅವರು ಕೂಡಲೇ ಹೆಡ್ಡನ್ನು ಬಿಚ್ಚಲಿಲ್ಲ, ಅದು ವಿವೇಕವೇ ಸರಿ. ಸಂದಿಗಳನ್ನು ಮತ್ತೆ 0.38ಕ್ಕೆ ತಂದು, ಇಗ್ನಿಷನ್ ಟೈಮಿಂಗನ್ನು ಪರೀಕ್ಷಿಸಿದರು, ಅದು ನಿಧಾನವಾಗಿದ್ದಿತು. ಕಿಡಿಯು ತಡವಾಗಿ ಹತ್ತಿದರೆ ಉರಿಯು ಪಿಸ್ಟನನ್ನು ತಳ್ಳಬೇಕಾದ ಶಾಖವನ್ನು ಎಗ್ಸಾಸ್ಟಿಗೆ ಹೊರುತ್ತದೆ, ವಾಲ್ವು ಬೇಯುತ್ತದೆ. ಕಾರ್ಬ್ಯುರೇಟರನ್ನೂ ನೋಡಬೇಕಾಯಿತು, ಏಕೆಂದರೆ ಇಂದು ನಮ್ಮ ಬಂಕುಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನಲ್ಲಿ ಆಮ್ಲಜನಕವು ಅಡಗಿರುವುದರಿಂದ ಅದಕ್ಕೆ ಬೇಕಾಗುವ ಗಾಳಿ ಕಡಿಮೆ. ಹಳೆಯ ಜೆಟ್ಟಿನಲ್ಲಿ ಹಳೆಯ ಅಳತೆಯಲ್ಲಿಯೇ ಅದು ಇಳಿದರೆ ಮಿಶ್ರಣವು ಶೇಕಡ ಏಳೆಂಟರಷ್ಟು ತೆಳುವಾಗುವುದು. ಹೊಸ ಕಾರಿನಲ್ಲಿ ಇದನ್ನು ಸೆನ್ಸಾರು ತಿದ್ದಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ತಿಳಿವಳಿಕೆಯಿಲ್ಲ. ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗಿದ್ದರೆ ಮಿಶ್ರಣ ತೆಳುವಾಗಿದೆಯೆಂದರ್ಥ. ಜೆಟ್ಟನ್ನು ಒಂದಳತೆ ದೊಡ್ಡದು ಮಾಡಿ ಅದು ತಿಳಿಗಂದು ಬಣ್ಣಕ್ಕೆ ಬರುವಂತೆ ಸರಿಪಡಿಸಬೇಕು. ಎಥನಾಲು ಹಳೆಯ ರಬ್ಬರ್ ಪೈಪುಗಳನ್ನೂ ಪಂಪಿನ ಡಯಾಫ್ರಾಮನ್ನೂ ಹಾಳುಮಾಡುವುದೆಂಬುದು ಬೇರೆಯ ವಿಷಯ, ಅವನ್ನು ಎಥನಾಲ್ ತಾಳುವಂಥವಕ್ಕೆ ಬದಲಾಯಿಸಿಯೇ ತೀರಬೇಕು. ಆಕ್ಟೇನಿನ ಭಯ ಮಾತ್ರ ಬೇಡ: ಕಡಿಮೆ ಕಂಪ್ರೆಷನ್ನಿನ ಈ ಎಂಜಿನ್ನಿಗೆ ಇಂದಿನ ಸಾಮಾನ್ಯ ಪೆಟ್ರೋಲೇ ಬೇಕಾದುದಕ್ಕಿಂತ ಹೆಚ್ಚು. ದುಬಾರಿಯಾದ ಪ್ರೀಮಿಯಂ ಪೆಟ್ರೋಲನ್ನು ತುಂಬಿಸಿ ಸೀಟು ಉಳಿಯಿತೆಂದು ನಂಬುವವರು ಸಂಬಂಧವಿಲ್ಲದ ಗುಣಕ್ಕೆ ಹಣ ತೆರುತ್ತಿದ್ದಾರೆ.

ಈಗ ಔಷಧದ ಮಾತಿಗೆ ಬರಬಹುದು. ಸೀಟನ್ನು ಕಾಯುವ ದ್ರವಗಳೆಲ್ಲವೂ ಸೀಸವು ಮಾಡುತ್ತಿದ್ದುದನ್ನೇ ಬೇರೊಂದು ಮೂಲವಸ್ತುವಿನಿಂದ ಮಾಡಲು ಯತ್ನಿಸುತ್ತವೆ: ಉರಿದ ಮೇಲೆ ತಾನು ಸುಟ್ಟುಹೋಗದೆ, ವಾಲ್ವಿಗೂ ಸೀಟಿಗೂ ನಡುವೆ ಪೊರೆಯಾಗಿ ಉಳಿಯುವಂಥ ಖನಿಜವೊಂದನ್ನು ಅವು ಪೆಟ್ರೋಲಿನಲ್ಲಿ ಕರಗಿಸಿ ಒಯ್ಯುತ್ತವೆ. ಇದಕ್ಕೆ ಬಳಕೆಯಲ್ಲಿರುವುವು ನಾಲ್ಕು: ಪೊಟ್ಯಾಸಿಯಮ್, ಸೋಡಿಯಮ್, ರಂಜಕ ಮತ್ತು ಮ್ಯಾಂಗನೀಸ್. ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲಿನ ಸಾಮಾನ್ಯ ಮಾರಾಟವು 1999ರ ಅಂತ್ಯಕ್ಕೆ ನಿಲ್ಲುವುದೆಂದು ಗೊತ್ತಾದಾಗ ಅಲ್ಲಿನ ಹಳೆಯ ವಾಹನಗಳ ಸಂಘಗಳ ಒಕ್ಕೂಟವು, ಮಾರುಕಟ್ಟೆಯ ಮಾತುಗಳನ್ನು ನೆಚ್ಚಿಕೊಳ್ಳದೆ, ಎಂ.ಐ.ಆರ್.ಎ. ಎಂಬ ಪ್ರಯೋಗ ಸಂಸ್ಥೆಯಲ್ಲಿ ಈ ದ್ರವಗಳನ್ನು ಪರೀಕ್ಷೆಗೆ ಒಡ್ಡಿತು. ಅದಕ್ಕೆ ಆರಿಸಿಕೊಂಡುದು ಮೋರಿಸ್ ಮೈನರ್ ಮತ್ತು ಮಿನಿ ಕಾರುಗಳಿಗೆ ಹಾಕುತ್ತಿದ್ದ ‘ಎ’ ಶ್ರೇಣಿಯ ಎಂಜಿನ್, ಎಂದರೆ ನಮ್ಮ ಅಂಬಾಸಡರಿನ ಎಂಜಿನ್ನಿನ ಕಿರಿಯ ಸೋದರ. ಅದರದೂ ಬೀಡಿನ ಹೆಡ್ಡು, ಅದರಲ್ಲಿಯೂ ನಡುವಿನ ಎರಡು ಎಗ್ಸಾಸ್ಟುಗಳಿಗೆ ಒಂದೇ ದ್ವಾರ. ಎಂಜಿನ್ನನ್ನು ಗಂಟೆಗಟ್ಟಲೆ ಹೊರೆಯ ಮೇಲೆ ಓಡಿಸಿ, ಸೀಟು ಎಷ್ಟು ಸವೆಯಿತೆಂದು ಅಳೆದು, ಕಾಯಬಲ್ಲ ಕೆಲವನ್ನು ಮಾತ್ರ ಒಕ್ಕೂಟವು ಅನುಮೋದಿಸಿತು. ಇಂತಹ ಸ್ವತಂತ್ರ ಪರೀಕ್ಷೆಯಲ್ಲಿ ಗೆದ್ದ ದ್ರವವೆಂಬುದಲ್ಲದೆ ಬೇರೆ ಯಾವ ಶಿಫಾರಸನ್ನೂ ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಾರೆ.

ನಾಲ್ಕು ವಸ್ತುಗಳೂ ಒಂದೇ ಬಗೆಯವಲ್ಲ. ರಂಜಕವು ಎಂಜಿನ್ನಿನ ಮಿಕ್ಕ ಅಂಗಗಳ ಮೇಲೆ ಮೃದುವಾದುದು, ಆದರೆ ದೀರ್ಘಕಾಲದ ಅತಿವೇಗದಲ್ಲಿ ಸೀಸದಷ್ಟು ಪೂರ್ಣವಾಗಿ ಕಾಯಲಾರದು. ಸೋಡಿಯಮ್ ಮತ್ತು ಪೊಟ್ಯಾಸಿಯಮ್ಮುಗಳು ಸೀಟನ್ನು ಚೆನ್ನಾಗಿ ಕಾಯುತ್ತವೆಯಾದರೂ ಅಳತೆ ಮೀರಿದರೆ ವಾಲ್ವಿನ ಮೇಲೆ ಕಿಟ್ಟವಾಗಿ ನಿಲ್ಲುತ್ತವೆ. ಮ್ಯಾಂಗನೀಸು ಆಕ್ಟೇನನ್ನೂ ತುಸು ಏರಿಸುತ್ತದೆ, ಪ್ಲಗ್ಗಿನ ಪಿಂಗಾಣಿಯ ಮೇಲೆ ಕೆಂಪು ಮಿಶ್ರಿತ ಕಂದು ಪುಡಿಯನ್ನು ಲೇಪಿಸುತ್ತದೆ; ಅದನ್ನು ಕಂಡು ಮಿಶ್ರಣ ಕೆಟ್ಟಿದೆಯೆಂದು ಕಾರ್ಬ್ಯುರೇಟರನ್ನು ತಿರುಚಹೊರಟವರುಂಟು. ಒಂದನ್ನು ಆರಿಸಿದ ಮೇಲೆ ಅದರಲ್ಲಿಯೇ ನಿಲ್ಲಬೇಕು. ಒಂದು ತಿಂಗಳು ಒಂದು, ಇನ್ನೊಂದು ತಿಂಗಳು ಇನ್ನೊಂದು ಎಂದು ಬೆರೆಸಿದರೆ ಟ್ಯಾಂಕಿನಲ್ಲಿ ಅವು ಒಂದಕ್ಕೊಂದು ಹೊಂದುವುವೆಂಬ ಭರವಸೆಯನ್ನು ಯಾವ ತಯಾರಕನೂ ಕೊಡುವುದಿಲ್ಲ.

ನಮ್ಮಲ್ಲಿ ಇಂತಹ ದ್ರವವು ಪ್ರತಿಯೊಂದು ಅಂಗಡಿಯಲ್ಲಿಯೂ ಸಿಗುವಂಥದಲ್ಲ. ‘ಪೆಟ್ರೋಲಿಗೆ ಹಾಕುವ ಔಷಧ’ವೆಂದು ಕೇಳಿದರೆ ಅಂಗಡಿಯವರು ಆಕ್ಟೇನ್ ಬೂಸ್ಟರನ್ನೋ ಇಂಜೆಕ್ಟರ್ ಕ್ಲೀನರನ್ನೋ ಕೈಗಿಡುತ್ತಾರೆ. ಸೀಸೆಯ ಮೇಲೆ ವಾಲ್ವ್ ಸೀಟಿನ ರಕ್ಷಣೆಯ ಮಾತು ಸ್ಪಷ್ಟವಾಗಿ ಬರೆದಿದೆಯೇ, ಎಷ್ಟು ಲೀಟರಿಗೆ ಎಷ್ಟು ಎಂಬ ಪ್ರಮಾಣವಿದೆಯೇ ಎಂದು ಓದಿಯೇ ಕೊಳ್ಳಬೇಕು. ಹಲವು ಗ್ಯಾರೇಜುಗಳಲ್ಲಿ ಟ್ಯಾಂಕಿಗೆ ಸ್ವಲ್ಪ ಟೂ-ಟಿ ಆಯಿಲ್ ಸುರಿಯುವ ಪದ್ಧತಿಯಿದೆ. ಆ ಎಣ್ಣೆಯು ಸ್ಕೂಟರಿನ ಎಂಜಿನ್ನಿನಲ್ಲಿ ಬೂದಿ ಉಳಿಯದಂತೆ ಉರಿದುಹೋಗಬೇಕೆಂದೇ ತಯಾರಾದುದು. ಏನನ್ನೂ ಉಳಿಸದ ವಸ್ತುವು ಪೊರೆಯನ್ನು ಕಟ್ಟುವುದೆಂತು? ಟ್ಯಾಂಕಿನೊಳಗೆ ತವರದ ಗುಂಡುಗಳನ್ನು ಇಳಿಬಿಟ್ಟರೆ ಪೆಟ್ರೋಲು ಸಂಸ್ಕಾರ ಹೊಂದುವುದೆಂದು ಮಾರುವ ಸಾಧನಗಳೂ ಇವೆ. ಅವು ಸೀಟಿಗೆ ಯಾವ ಬಗೆಯಲ್ಲಿ ರಕ್ಷಣೆ ಕೊಡುತ್ತವೆಂಬುದಕ್ಕೆ ಒಪ್ಪತಕ್ಕ ವಿವರಣೆಯನ್ನು ನಾನು ಕಂಡಿಲ್ಲ. ಅವನ್ನು ನಂಬಿ ಘಾಟಿಯನ್ನು ಏರೆಂದು ನಾನು ಯಾರಿಗೂ ಹೇಳೆನು.

ಮೈಸೂರಿನ ಮಿತ್ರರು ಕೊಂಡದ್ದು ಲೀಟರಿಗೆ 1 ಮಿಲಿಲೀಟರಿನಂತೆ ಬೆರೆಸಬೇಕಾದ ರಂಜಕದ ದ್ರವ. 35 ಲೀಟರ್ ಪೆಟ್ರೋಲು ತುಂಬಿಸುವುದಾದರೆ 35 ಮಿಲಿಲೀಟರನ್ನು ಸೂಜಿಯಿಲ್ಲದ ಸಿರಿಂಜಿನಿಂದ ಅಳೆದು, ಕೈಗೆ ಗವಸು ತೊಟ್ಟು, ಬಂಕಿನವನು ನಳಿಗೆಯನ್ನು ಇಡುವ ಮೊದಲೇ ಟ್ಯಾಂಕಿಗೆ ಸುರಿದರು. ಮೇಲಿಂದ ಬೀಳುವ ಪೆಟ್ರೋಲಿನ ರಭಸಕ್ಕೆ ಅದು ತಾನೇ ಬೆರೆತುಕೊಳ್ಳುತ್ತದೆ. ‘ಇನ್ನೊಂದು ಮುಚ್ಚಳ ಹೆಚ್ಚಿಗೆ ಇರಲಿ ಬಿಡಿ ಸಾರ್’ ಎಂದ ಮೇಸ್ತ್ರಿಯ ಮಾತನ್ನು ಅವರು ಕೇಳಲಿಲ್ಲ, ಹೆಚ್ಚು ಹಾಕಿದರೆ ಹೆಚ್ಚು ಕಾಯುವುದೆಂಬುದಿಲ್ಲ, ಕಿಟ್ಟವಷ್ಟೇ ಹೆಚ್ಚುವುದು. ಹೆದ್ದಾರಿಯ ವೇಗವನ್ನೂ ಗಂಟೆಗೆ 70 ಕಿಲೋಮೀಟರಿಗೆ ಇಳಿಸಿದರು. ಮತ್ತೆ 1600 ಕಿಲೋಮೀಟರ್ ಕಳೆದ ಮೇಲೆ ಅಳೆದಾಗ 1 ಮತ್ತು 8 ಅಲುಗಿರಲಿಲ್ಲ, 4 ಮತ್ತು 5 ಎರಡೂ 0.36ರಲ್ಲಿದ್ದುವು. ಫೀಲರ್ ಗೇಜಿನ ಅಳತೆಯಲ್ಲಿ ನೂರರ ಎರಡು ಭಾಗ ಮಿಲಿಮೀಟರೆಂಬುದು ಕೈಯ ವ್ಯತ್ಯಾಸದಿಂದಲೂ ಬರಬಹುದಾದುದರಿಂದ, ಸವೆತವು ಬಹುಮಟ್ಟಿಗೆ ನಿಂತಿದೆಯೆಂದು ಹೇಳಬಹುದು. ಟೈಮಿಂಗು, ಮಿಶ್ರಣ, ವೇಗ, ಔಷಧ ಈ ನಾಲ್ಕರಲ್ಲಿ ಯಾವುದಕ್ಕೆ ಎಷ್ಟು ಪಾಲೆಂದು ಬಿಡಿಸಿ ಹೇಳಲು ಈ ಒಂದು ಕಾರು ಸಾಲದು.

ಆದರೂ ಸವೆದ ಲೋಹವನ್ನು ಯಾವ ದ್ರವವೂ ಮರಳಿ ತುಂಬಲಾರದು. ಅವರ 5ನೆಯ ವಾಲ್ವು ಆಗಲೇ ಹೆಡ್ಡಿನೊಳಕ್ಕೆ ಇಳಿದಿದೆ. ಇಳಿದಷ್ಟೂ ಅದರ ಸ್ಪ್ರಿಂಗು ಉದ್ದವಾಗಿ ಸಡಿಲಗೊಳ್ಳುತ್ತದೆ, ಹೊಗೆ ಹೊರಡುವ ದಾರಿಯೂ ಗುಳಿಯೊಳಗೆ ಮರೆಯಾಗುತ್ತದೆ. ಮುಂದೆ ಗ್ಯಾಸ್ಕೆಟ್ ಹೋದುದಕ್ಕೋ ಗೈಡುಗಳು ಸವೆದುದಕ್ಕೋ ಹೆಡ್ಡು ಹೇಗೂ ಕೆಳಗಿಳಿಯುವುದಷ್ಟೆ. ಶಾಶ್ವತವಾದ ಚಿಕಿತ್ಸೆಯನ್ನು ಮಾಡಿಸತಕ್ಕದ್ದು ಆಗ. ನಾಲ್ಕು ಎಗ್ಸಾಸ್ಟ್ ಸೀಟುಗಳನ್ನೂ ಮೆಷಿನ್ ಶಾಪಿನಲ್ಲಿ ಕೊರೆದು, ಅಲ್ಲಿ ಗಡುಸಾದ ಮಿಶ್ರಲೋಹದ ಸೀಟುಬಳೆಗಳನ್ನು ಕೂರಿಸುತ್ತಾರೆ. ಬಳೆಯು ಗುಳಿಗಿಂತ ಮಿಲಿಮೀಟರಿನ ಹತ್ತರಲ್ಲೊಂದು ಪಾಲಿಗೆ ಸಮೀಪದಷ್ಟು ದೊಡ್ಡದಿರಬೇಕು. ಅದನ್ನು ಚೆನ್ನಾಗಿ ತಣಿಸಿ ಕುಗ್ಗಿಸಿ, ಹೆಡ್ಡನ್ನು ಬೆಚ್ಚಗೆ ಮಾಡಿ, ಒಂದೇ ಏಟಿಗೆ ತಳಮುಟ್ಟ ಒತ್ತುತ್ತಾರೆ. ಎರಡರ ಶಾಖವೂ ಸಮನಾದಾಗ ಅದು ಕೀಳಲಾಗದಂತೆ ಬಿಗಿಯಾಗುವುದು. ಬಳಿಕ ಅದರ ಮೇಲೆ 45 ಡಿಗ್ರಿಯ ಸೀಟನ್ನು ಕಟ್ ಮಾಡಿ, ಸುಮಾರು ಒಂದೂವರೆ ಮಿಲಿಮೀಟರ್ ಅಗಲಕ್ಕೆ ತಂದು, ಹೊಸ ವಾಲ್ವನ್ನು ಪೇಸ್ಟಿನಿಂದ ಅರೆದು ಕೂರಿಸುತ್ತಾರೆ. ಬೂದು ಬಣ್ಣದ ಮಾಸಲು ಉಂಗುರವೊಂದು ವಾಲ್ವಿನ ಮುಖದ ಸುತ್ತಲೂ ಎಲ್ಲಿಯೂ ತುಂಡಾಗದೆ ಕಂಡರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು.

ಅಪಾಯವಿರುವುದು ಕೊರೆಯುವುದರಲ್ಲಿ. ಅರುವತ್ತು ವರ್ಷದ ಎರಕದಲ್ಲಿ ಸೀಟಿಗೂ ನೀರು ಹರಿಯುವ ಜ್ಯಾಕೆಟ್ಟಿಗೂ ನಡುವಿನ ಗೋಡೆಯು ಒಳಗಿನ ತುಕ್ಕಿನಿಂದ ಎಷ್ಟು ತೆಳುವಾಗಿದೆಯೆಂಬುದು ಹೊರಗೆ ಕಾಣದು; ಉಳಿಯು ಒಂದು ಎಳೆ ಹೆಚ್ಚಾಗಿ ಇಳಿದರೆ ನೀರು ಕಾಣಿಸಿಕೊಂಡು ಹೆಡ್ಡೇ ಕೈಬಿಟ್ಟುಹೋಗುತ್ತದೆ. ವಾಲ್ವುಗಳ ನಡುವಣ ಸೇತುವೆಯಲ್ಲಿ ಕೂದಲೆಳೆಯ ಬಿರುಕುಗಳಿರುವುದೂ ಈ ಹೆಡ್ಡುಗಳಲ್ಲಿ ಅಪರೂಪವಲ್ಲ. ಆದುದರಿಂದ ಕೊರೆಯುವ ಮುನ್ನ ಹೆಡ್ಡನ್ನು ಒತ್ತಡದ ನೀರಿನಿಂದ ಪರೀಕ್ಷಿಸಿ, ಕೊರೆದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ ಕೊಡುವ ಕೆಲಸಗಾರನನ್ನು ಹುಡುಕಿಕೊಳ್ಳಬೇಕು, ಅವನು ಕೇಳುವ ಕೂಲಿ ಹೆಚ್ಚೆನಿಸಿದರೂ ಸರಿಯೆ. ಓಡಾಟ ಕಡಿಮೆಯಿರುವ, ಸಂದಿ ಅಲುಗದ ಕಾರಿನ ಹೆಡ್ಡನ್ನು ಬರಿಯ ಭಯಕ್ಕಾಗಿ ಬಿಚ್ಚಿ ಈ ಗಂಡಾಂತರಕ್ಕೆ ಒಡ್ಡುವುದನ್ನು ನಾನು ಒಪ್ಪೆನು. ಅಂಥವರು ಪ್ರತಿ ಎರಡು ಸಾವಿರ ಕಿಲೋಮೀಟರಿಗೊಮ್ಮೆ ಎಂಟು ಸಂದಿಗಳನ್ನು ಅಳೆದು ಪುಸ್ತಕದಲ್ಲಿ ದಿನಾಂಕದೊಡನೆ ಬರೆದಿಟ್ಟುಕೊಂಡರೆ ಸಾಕು.

ಗಡುಸು ಸೀಟುಗಳು ಕೂತ ಮೇಲೆ ಟ್ಯಾಂಕಿಗೆ ಯಾವ ಔಷಧವೂ ಬೇಕಾಗಿಲ್ಲ. ಉಳಿದ ದ್ರವವನ್ನು ದಂಡವಾಗಬಾರದೆಂದು ಮನೆಯ ಹೊಸ ಕಾರಿಗೆ ಸುರಿಯಬಾರದು, ಅದರ ಎಗ್ಸಾಸ್ಟಿನಲ್ಲಿರುವ ಕೆಟಲಿಟಿಕ್ ಕನ್ವರ್ಟರನ್ನು ರಂಜಕವೂ ಮ್ಯಾಂಗನೀಸೂ ಕೆಡಿಸುತ್ತವೆ; ಬೀಡಿನ ಹೆಡ್ಡಿನ ಇನ್ನೊಂದು ಕಾರುಳ್ಳವರಿಗೆ, ಅವರೂ ಅದೇ ದ್ರವವನ್ನು ಬಳಸುತ್ತಿದ್ದರೆ, ಕೊಟ್ಟುಬಿಡಬಹುದು.